ಚಕ್ಕುಲಿ ಪುಣೆ ತಲುಪುವವರೆಗೆ: ಆನ್‌ಲೈನ್‌ನಲ್ಲಿ ತಿಂಡಿ ಮಾರಲು ಹೊರಟ ಸಂಘಕ್ಕೆ ಆರ್ಡರ್, ಪ್ಯಾಕಿಂಗ್ ಮತ್ತು ದೂರಿನ ಮಾರ್ಗದರ್ಶಿ

ಸಂಘದ ಎಲ್ಲ ಅಕ್ಕತಂಗಿಯರಿಗೆ ನಮಸ್ಕಾರ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಮಾಡುವುದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಂತೆಯಲ್ಲಿ ಮಾರುವಾಗ ಗಿರಾಕಿ ಎದುರಿಗೇ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು, ಗರಿಗರಿಯಾಗಿದೆಯೆಂದು ತಿಳಿದ ಮೇಲೆಯೇ ದುಡ್ಡು ಕೊಡುತ್ತಾರೆ. ಆನ್‌ಲೈನ್‌ನಲ್ಲಿ ದುಡ್ಡು ಮೊದಲು ಬರುತ್ತದೆ, ಚಕ್ಕುಲಿ ಐದು ದಿನದ ನಂತರ ಅವರ ಬಾಯಿಗೆ ಬೀಳುತ್ತದೆ. ಈ ಐದು ದಿನಗಳಲ್ಲಿ ಏನಾಯಿತೆಂದು ಹೇಳಲು ನಮ್ಮ ಬಳಿ ಒಂದು ವಹಿ ಮತ್ತು ಎತ್ತಿಟ್ಟ ಒಂದು ಪೊಟ್ಟಣ ಬಿಟ್ಟರೆ ಬೇರೆ ಸಾಕ್ಷಿ ಇರುವುದಿಲ್ಲ. ಆದ್ದರಿಂದ ಇವತ್ತು ನಾನು ಒಂದೇ ಒಂದು ಆರ್ಡರನ್ನು ಹಿಡಿದುಕೊಂಡು, ಅದು ಫೋನಿಗೆ ಬಂದ ಕ್ಷಣದಿಂದ ದೂರಾಗಿ ಮರಳಿ ಬಂದು ಇತ್ಯರ್ಥವಾಗುವವರೆಗೆ ಏನೇನು ಮಾಡಬೇಕೆಂಬುದನ್ನು ಕ್ರಮವಾಗಿ ಹೇಳುತ್ತೇನೆ.

ಮೊದಲ ಆರ್ಡರಿಗಿಂತ ಮುಂಚೆ ಆಗಿರಬೇಕಾದ ಕೆಲಸ ಒಂದಿದೆ. ಮನೆಯಲ್ಲಿ ಮಾಡಿ ಮಾರುವ ತಿಂಡಿಗೂ ಆಹಾರ ಸುರಕ್ಷತೆಯನ್ನು ನೋಡಿಕೊಳ್ಳುವ ಕೇಂದ್ರ ಸಂಸ್ಥೆಯಾದ ಎಫ್‌ಎಸ್‌ಎಸ್‌ಎಐಯ ನೋಂದಣಿ ಬೇಕು. ಅರ್ಜಿಯನ್ನು foscos.fssai.gov.in ಎಂಬ ಜಾಲತಾಣದಲ್ಲಿ ಹಾಕಬೇಕು. ಕೊನೆಗೆ ಸಿಗುವ 14 ಅಂಕಿಯ ಸಂಖ್ಯೆಯನ್ನು ಪ್ರತಿ ಪೊಟ್ಟಣದ ಮೇಲೂ ಅಚ್ಚು ಹಾಕಿಸಬೇಕು. ಈ ಸಂಖ್ಯೆ ಕೈಗೆ ಬರುವ ಮುಂಚೆ ಸಾವಿರಗಟ್ಟಲೆ ಕವರ್ ಮುದ್ರಿಸಿಕೊಳ್ಳಬೇಡಿ. ನಾವು ಆ ತಪ್ಪು ಮಾಡಿ, ಆಮೇಲೆ ಒಂದೊಂದು ಕವರಿಗೂ ಚೀಟಿ ಅಂಟಿಸುತ್ತ ಕುಳಿತಿದ್ದೆವು.

ಆರ್ಡರ್ ತೆಗೆದುಕೊಳ್ಳುವುದು

ಸಂಘಕ್ಕೆಂದೇ ಒಂದು ಫೋನ್ ನಂಬರ್ ಇರಲಿ, ಅದರಲ್ಲಿ ವಾಟ್ಸಾಪ್ ಬಿಸಿನೆಸ್ ಹಾಕಿಕೊಳ್ಳಿ. ಅದರಲ್ಲಿ ತಿಂಡಿಯ ಚಿತ್ರ, ತೂಕ ಮತ್ತು ಬೆಲೆಯನ್ನು ಪಟ್ಟಿ ಮಾಡಿಡಲು ಅವಕಾಶವಿದೆ. ಪ್ರತಿ ಗಿರಾಕಿಯ ಹೆಸರಿನ ಮುಂದೆ ‘ಹಣ ಬಂದಿದೆ’, ‘ಕಳಿಸಿದೆ’ ಎಂದು ಗುರುತು ಹಚ್ಚಲೂ ಬರುತ್ತದೆ. ಆ ಫೋನನ್ನು ವಾರಕ್ಕೆ ಒಬ್ಬರು ಮಾತ್ರ ನೋಡಿಕೊಳ್ಳಬೇಕು. ಇಬ್ಬರು ಮೂವರು ಉತ್ತರ ಕೊಡತೊಡಗಿದರೆ ಒಬ್ಬರು ಗುರುವಾರ ಎನ್ನುತ್ತಾರೆ, ಇನ್ನೊಬ್ಬರು ಶನಿವಾರ ಎನ್ನುತ್ತಾರೆ, ಗಿರಾಕಿ ತಮಗೆ ಅನುಕೂಲವಾದದ್ದನ್ನು ನೆನಪಿಟ್ಟುಕೊಳ್ಳುತ್ತಾರೆ.

ನಾನು ಹೇಳುವ ಆರ್ಡರ್ ಗೋಕುಲಾಷ್ಟಮಿಯ ಸಮಯದ್ದು. ಪುಣೆಯಲ್ಲಿ ನೆಲೆಸಿರುವ ಒಂದು ಕನ್ನಡ ಕುಟುಂಬದವರು ಒಂದು ಕೆಜಿ ಚಕ್ಕುಲಿ, ಅರ್ಧ ಕೆಜಿ ಕೋಡುಬಳೆ ಕೇಳಿದರು. ಹಬ್ಬ ಶನಿವಾರವಿತ್ತು. ಇಂಥ ಆರ್ಡರ್ ಬಂದಾಗ ‘ಆಗಲಿ’ ಎನ್ನುವ ಮುಂಚೆ ಹಬ್ಬದ ದಿನದಿಂದ ಹಿಂದಕ್ಕೆ ಎಣಿಸಬೇಕು. ಶನಿವಾರ ಹಬ್ಬವಾದರೆ ಪೊಟ್ಟಣ ಗುರುವಾರವೇ ಕೈಸೇರುವಂತೆ ಲೆಕ್ಕ ಹಾಕಿ, ಶುಕ್ರವಾರವನ್ನು ತಡವಾದರೆ ಇರಲೆಂದು ಖಾಲಿ ಬಿಡಬೇಕು. ನಮ್ಮೂರಿನಿಂದ ಪುಣೆಗೆ ಕೊರಿಯರ್ ಮೂರು ದಿನ ತೆಗೆದುಕೊಳ್ಳುತ್ತಿತ್ತು. ಅಂದರೆ ಸೋಮವಾರ ಅದನ್ನು ಕೊಡಬೇಕು, ಭಾನುವಾರ ಕರಿಯಬೇಕು, ಶನಿವಾರ ಹಿಟ್ಟು ಬೀಸಿಸಿರಬೇಕು. ಆದ್ದರಿಂದ ಆ ಹಬ್ಬಕ್ಕೆ ಪುಣೆಯ ಕೊನೆಯ ಆರ್ಡರ್ ಹಿಂದಿನ ಶುಕ್ರವಾರಕ್ಕೇ ಮುಗಿಯಿತು. ಮಂಗಳವಾರ ಫೋನ್ ಮಾಡಿದವರಿಗೆ ‘ಪ್ರಯತ್ನಿಸುತ್ತೇವೆ’ ಎನ್ನಬೇಡಿ. ‘ಹಬ್ಬಕ್ಕೆ ತಲುಪುವುದಿಲ್ಲ, ನಂತರ ಬಂದರೆ ಅಡ್ಡಿಯಿಲ್ಲವೇ?’ ಎಂದು ಕೇಳಿ.

ದಿನಕ್ಕೆ ಎಷ್ಟು ಆರ್ಡರ್ ಒಪ್ಪಿಕೊಳ್ಳಬಹುದು ಎಂಬುದನ್ನು ಒಲೆಯೇ ಹೇಳುತ್ತದೆ. ಒಂದು ದಿನ ಗಡಿಯಾರ ನೋಡಿಕೊಂಡು ಕರಿದು ನೋಡಿ. ನಮ್ಮಲ್ಲಿ ಒಂದು ಬಾಣಲೆಯಲ್ಲಿ ಗಂಟೆಗೆ ಸುಮಾರು ಒಂದೂವರೆ ಕೆಜಿ ಚಕ್ಕುಲಿ ಆಗುತ್ತಿತ್ತು. ಎರಡು ಒಲೆ, ನಾಲ್ಕು ಗಂಟೆ ಎಂದರೆ 12 ಕೆಜಿ. ಅದರಲ್ಲಿ ಮುರಿದದ್ದು, ಹೊತ್ತಿದ್ದು, ಎತ್ತಿಟ್ಟುಕೊಳ್ಳುವುದು ಕಳೆದರೆ ಮಾರಾಟಕ್ಕೆ ಸಿಗುವುದು 10 ಕೆಜಿ. ಹತ್ತು ಕೆಜಿಗೆ ಆರ್ಡರ್ ತುಂಬಿದ ದಿನ ಫೋನ್ ನೋಡುವವರು ವಹಿಯಲ್ಲಿ ಗೆರೆ ಎಳೆದು ಮುಂದಿನ ದಿನಕ್ಕೆ ಹೋಗಬೇಕು. ಗೆರೆ ದಾಟಿದ ದಿನವೇ ಚಕ್ಕುಲಿಯನ್ನು ಅವಸರದಲ್ಲಿ ಎಣ್ಣೆಯಿಂದ ತೆಗೆಯುತ್ತೇವೆ, ಬಿಸಿಯಿರುವಾಗಲೇ ಕವರಿಗೆ ತುಂಬುತ್ತೇವೆ. ದೂರಿನ ಬೀಜ ಅಲ್ಲೇ ಬೀಳುತ್ತದೆ.

ಆರ್ಡರ್ ಒಪ್ಪಿದ ಮೇಲೆ ಅದನ್ನು ವಾಟ್ಸಾಪಿನಲ್ಲಿ ನಾವೇ ಒಮ್ಮೆ ಬರೆದು ಕಳಿಸಿ, ಗಿರಾಕಿಯಿಂದ ‘ಸರಿ’ ಎನಿಸಿಕೊಳ್ಳಬೇಕು. ನಮ್ಮ ಸಂದೇಶ ಹೀಗಿರುತ್ತಿತ್ತು: ‘ನಮಸ್ಕಾರ ಮೇಡಂ. ತಮ್ಮ ಆರ್ಡರ್: ಚಕ್ಕುಲಿ 1 ಕೆಜಿ (ಅರ್ಧ ಕೆಜಿಯ ಎರಡು ಪೊಟ್ಟಣ), ಖಾರದ ಕೋಡುಬಳೆ ಅರ್ಧ ಕೆಜಿ. ಸೋಮವಾರ ಕೊರಿಯರಿಗೆ ಕೊಡುತ್ತೇವೆ, ಗುರುವಾರದ ಹೊತ್ತಿಗೆ ತಲುಪಬಹುದು. ಪೂರ್ತಿ ವಿಳಾಸ, ಪಿನ್ ಕೋಡ್ ಮತ್ತು ಹತ್ತಿರದ ಗುರುತನ್ನು ದಯವಿಟ್ಟು ಬರೆದು ಕಳಿಸಿ.’ ಖಾರದ್ದೋ ಸಪ್ಪೆಯದ್ದೋ, ಒಂದು ಕೆಜಿಯ ಒಂದೇ ಪೊಟ್ಟಣವೋ ಎರಡೋ ಎಂಬ ಸಣ್ಣ ಸಂಗತಿಗಳು ಇಲ್ಲೇ ತೀರ್ಮಾನವಾಗಬೇಕು. ವಿಳಾಸವನ್ನು ಫೋನಿನಲ್ಲಿ ಕೇಳಿ ಬರೆದುಕೊಳ್ಳಬೇಡಿ. ಪಿನ್ ಕೋಡಿನ ಆರು ಅಂಕಿಗಳಲ್ಲಿ ಒಂದು ತಪ್ಪಾದರೂ ಪೊಟ್ಟಣ ಬೇರೆ ಊರಿಗೆ ಹೋಗಿ ಬರುವಷ್ಟರಲ್ಲಿ ಹಬ್ಬ ಮುಗಿದಿರುತ್ತದೆ.

ಹಣದ ವಿಷಯದಲ್ಲಿ ಸ್ಕ್ರೀನ್‌ಶಾಟ್ ನಂಬಬೇಡಿ. ಕಳಿಸಿದಂತೆ ಕಾಣುವ ಸುಳ್ಳು ಚಿತ್ರವನ್ನು ಯಾರು ಬೇಕಾದರೂ ಮಾಡಬಹುದು. ಖಾತೆಗೆ ಹಣ ಜಮೆಯಾದದ್ದನ್ನು ಸ್ವತಃ ನೋಡಿದ ಮೇಲೆಯೇ ವಹಿಯಲ್ಲಿ ‘ಹಣ ಬಂದಿದೆ’ ಎಂದು ಬರೆಯಿರಿ. ಸಾಧ್ಯವಾದರೆ ಹಣ ನೇರವಾಗಿ ಸಂಘದ ಖಾತೆಗೇ ಬೀಳುವಂತೆ ಬ್ಯಾಂಕಿನಲ್ಲಿ ಕೇಳಿ ಕ್ಯೂಆರ್ ಕೋಡ್ ಮಾಡಿಸಿಕೊಳ್ಳಿ. ಒಬ್ಬ ಸದಸ್ಯೆಯ ಖಾತೆಗೆ ಬರುವ ದುಡ್ಡು ಆರು ತಿಂಗಳಲ್ಲಿ ಸಂಘದೊಳಗೆ ಜಗಳಕ್ಕೆ ಕಾರಣವಾಗುವುದನ್ನು ನಾನು ನೋಡಿದ್ದೇನೆ, ಅವರು ಒಂದು ರೂಪಾಯಿಯನ್ನೂ ಮುಟ್ಟಿರಲಿಲ್ಲ.

ಕರಿಯುವುದರಿಂದ ಕೊರಿಯರ್ ಕೈಗೆ ಕೊಡುವವರೆಗೆ

ಪ್ಯಾಕಿಂಗ್ ಎಂದರೆ ಕವರಿಗೆ ತುಂಬುವುದು ಎಂದು ತಿಳಿಯುತ್ತೇವೆ. ವಾಸ್ತವದಲ್ಲಿ ಅದು ಬಾಣಲೆಯಲ್ಲೇ ಆರಂಭವಾಗುತ್ತದೆ. ಚಕ್ಕುಲಿ ಎಣ್ಣೆಯಲ್ಲಿರುವಾಗ ಏಳುವ ಗುಳ್ಳೆಗಳು ಹಿಟ್ಟಿನೊಳಗಿನ ನೀರು ಆವಿಯಾಗಿ ಹೊರಬರುವ ಗುರುತು. ಬಣ್ಣ ಬಂತೆಂದು ಗುಳ್ಳೆ ಅಡಗುವ ಮುಂಚೆ ತೆಗೆದರೆ ಮೇಲೆ ಗರಿಗರಿಯಾಗಿದ್ದು ಒಳಗೆ ಪಸೆ ಉಳಿದಿರುತ್ತದೆ. ಮನೆಯಲ್ಲಿ ಅದೇ ಸಂಜೆ ತಿಂದರೆ ಯಾರಿಗೂ ಗೊತ್ತಾಗದು. ಸೀಲ್ ಮಾಡಿದ ಕವರಿನಲ್ಲಿ ಎರಡು ದಿನ ಕಳೆದರೆ ಆ ಪಸೆ ಇಡೀ ಪೊಟ್ಟಣಕ್ಕೆ ಹರಡಿ ಎಲ್ಲವೂ ಮೆತ್ತಗಾಗುತ್ತದೆ. ಉರಿ ಹೆಚ್ಚಿದ್ದರೆ ಬಣ್ಣ ಬೇಗ ಬರುತ್ತದೆ, ಮೋಸ ಹೋಗುವುದು ಸುಲಭ. ಆದ್ದರಿಂದ ಮಧ್ಯಮ ಉರಿಯಲ್ಲಿ ಎಣ್ಣೆಯ ಸದ್ದು ಅಡಗುವವರೆಗೆ ಕಾಯಿರಿ. ಪ್ರತಿ ಒಬ್ಬೆಯಿಂದಲೂ ಒಂದನ್ನು ಆರಿದ ಮೇಲೆ ಮುರಿದು, ನಡುವಿನ ಭಾಗವನ್ನು ಬೆರಳಿನಲ್ಲಿ ಒತ್ತಿ ನೋಡಿ. ಪುಡಿಯಾಗಬೇಕು, ಬಾಗಬಾರದು.

ಎಣ್ಣೆ ಕಪ್ಪಾಗಿದ್ದರೆ, ನೊರೆ ಕಟ್ಟುತ್ತಿದ್ದರೆ, ಮುಂಚಿಗಿಂತ ಬೇಗ ಹೊಗೆಯಾಡುತ್ತಿದ್ದರೆ ಅದನ್ನು ಮಾರಾಟದ ತಿಂಡಿಗೆ ಬಳಸಬೇಡಿ. ನಿನ್ನೆಯ ಎಣ್ಣೆಗೆ ಇವತ್ತು ಹೊಸದನ್ನು ಬೆರೆಸುವುದು ಮನೆಯಲ್ಲಿ ರೂಢಿ. ಆದರೆ ಹಳತರ ಕಮಟನ್ನು ಹೊಸದು ಅಳಿಸುವುದಿಲ್ಲ. ಆ ತಿಂಡಿ ಎರಡನೆಯ ವಾರಕ್ಕೇ ಕಮಟು ವಾಸನೆ ಹೊಡೆಯಬಹುದು.

ಕರಿದದ್ದನ್ನು ಜಾಲರಿಯ ಮೇಲೆ ಒಂದೇ ಪದರವಾಗಿ ಹರಡಿ ಆರಲು ಬಿಡಬೇಕು. ಬುಟ್ಟಿಯಲ್ಲಿ ರಾಶಿ ಹಾಕಿದರೆ ಅಡಿಯಲ್ಲಿರುವುದು ಮೇಲಿನದರ ಬಿಸಿಗೆ ಬೆವರುತ್ತದೆ. ನಾವು ಎರಡು ಮೂರು ಗಂಟೆ ಆರಿಸುತ್ತಿದ್ದೆವು. ಮಳೆಗಾಲದಲ್ಲಿ ಬಾಗಿಲು ಕಿಟಕಿ ಮುಚ್ಚಿ, ಆರಿದ ತಕ್ಷಣ ಗಾಳಿಯಾಡದ ಡಬ್ಬಿಗೆ ಹಾಕುತ್ತಿದ್ದೆವು, ಏಕೆಂದರೆ ಆಗ ಗಾಳಿಯ ತೇವವನ್ನೇ ಚಕ್ಕುಲಿ ಹೀರಿಕೊಳ್ಳುತ್ತದೆ. ಸಾಕಷ್ಟು ಆರಿದೆಯೇ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆಯಿದೆ. ನಾಲ್ಕು ಚಕ್ಕುಲಿಯನ್ನು ಪಾರದರ್ಶಕ ಕವರಿನಲ್ಲಿ ಹಾಕಿ ಬಾಯಿ ಸೀಲ್ ಮಾಡಿ ಅರ್ಧ ಗಂಟೆ ಬಿಡಿ. ಕವರಿನ ಒಳಗೆ ಮಂಜಿನಂತೆ ಮಸುಕು ಕಂಡರೆ ಇನ್ನೂ ಬಿಸಿಯಿದೆ ಎಂದರ್ಥ, ಉಳಿದದ್ದನ್ನು ತುಂಬಬೇಡಿ.

ಕವರಿನ ಆಯ್ಕೆಯಲ್ಲಿ ಉಳಿತಾಯ ಮಾಡಲು ಹೋಗಬೇಡಿ. ಕಿರಾಣಿ ಅಂಗಡಿಯ ತೆಳ್ಳನೆಯ ಪ್ಲಾಸ್ಟಿಕ್ ಕವರಿನ ಮೂಲಕ ತೇವ ನಿಧಾನವಾಗಿ ಒಳಗೆ ಬರುತ್ತದೆ. ಒಳಗಡೆ ಬೆಳ್ಳಿಯ ಬಣ್ಣದ ಹೊಳಪಿರುವ, ಆಹಾರಕ್ಕೆಂದೇ ತಯಾರಾದ ದಪ್ಪ ಲ್ಯಾಮಿನೇಟೆಡ್ ಕವರ್ ತೇವವನ್ನೂ ಬೆಳಕನ್ನೂ ತಡೆಯುತ್ತದೆ. ಬೆಳಕು ಬಿದ್ದರೂ ಎಣ್ಣೆ ಬೇಗ ಕಮಟಾಗುತ್ತದೆ. ಸೀಲ್ ಮಾಡುವ ಮುಂಚೆ ಕವರಿನ ಬಾಯಿಯ ಒಳಬದಿಯನ್ನು ಒಣ ಬಟ್ಟೆಯಿಂದ ಒರೆಸಬೇಕು. ಅಲ್ಲಿ ಒಂದು ಎಳ್ಳು ಅಥವಾ ಎಣ್ಣೆಯ ಪಸೆ ಉಳಿದರೂ ಸೀಲ್ ಹಿಡಿದಂತೆ ಕಾಣುತ್ತದೆ, ಆದರೆ ಕೂದಲೆಳೆಯಷ್ಟು ಸಂದಿ ಉಳಿಯುತ್ತದೆ. ಪ್ರತಿ ದಿನ ಮೊದಲ ಪೊಟ್ಟಣವನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ಮೃದುವಾಗಿ ಒತ್ತಿ ನೋಡಿ. ಗುಳ್ಳೆ ಬಂದರೆ ಮಿಷನ್ನಿನ ಬಿಸಿ ಸಾಲದು ಅಥವಾ ಬಾಯಿ ಒರೆಸಿಲ್ಲ. ಆ ಒಂದು ಪೊಟ್ಟಣವನ್ನು ಮಕ್ಕಳಿಗೆ ಕೊಟ್ಟುಬಿಡಿ, ಅದು ಲೆಕ್ಕಕ್ಕೆ ಬೇಡ.

ತೂಕ ಹಾಕುವಾಗ ಕವರಿನ ತೂಕವನ್ನು ಕಳೆದೇ ಅರ್ಧ ಕೆಜಿ ಇರಬೇಕು. ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ ಇರಬೇಕು. ಲೇಬಲ್ಲಿನಲ್ಲಿ ತಿಂಡಿಯ ಹೆಸರು, ಹೆಚ್ಚು ಬಳಸಿದ್ದರಿಂದ ಕಡಿಮೆ ಬಳಸಿದ್ದರ ಕ್ರಮದಲ್ಲಿ ಸಾಮಗ್ರಿಗಳು, ನಿವ್ವಳ ತೂಕ, ತಯಾರಿಸಿದ ದಿನಾಂಕ, ಯಾವಾಗಿನವರೆಗೆ ಬಳಸಬಹುದೆಂಬ ದಿನಾಂಕ, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ಸಂಘದ ವಿಳಾಸ, ದೂರಿಗೆ ಫೋನ್ ನಂಬರ್, ಚೌಕದೊಳಗಿನ ಹಸಿರು ಚುಕ್ಕೆ, ಎಫ್‌ಎಸ್‌ಎಸ್‌ಎಐ ಸಂಖ್ಯೆ ಮತ್ತು ಬ್ಯಾಚ್ ನಂಬರ್ ಇರಲೇಬೇಕು. ಶೇಂಗಾ, ಗೋಧಿ, ಹಾಲು ಅಥವಾ ಬೆಣ್ಣೆ ಹಾಕಿದ್ದರೆ ಅದನ್ನು ಬೇರೆಯಾಗಿ ಎದ್ದು ಕಾಣುವಂತೆ ಬರೆಯಿರಿ. ಕೆಲವರಿಗೆ ಶೇಂಗಾದ ಚೂರು ಸಹ ಜೀವಕ್ಕೆ ಅಪಾಯ ತರುತ್ತದೆ.

ಬ್ಯಾಚ್ ನಂಬರ್ ಎಂದರೆ ದೊಡ್ಡ ವಿಷಯವೇನಲ್ಲ. ಆಗಸ್ಟ್ 10ರಂದು ಮೊದಲ ಒಲೆಯಲ್ಲಿ ಕರಿದದ್ದು 1008-ಅ, ಎರಡನೆಯ ಒಲೆಯದು 1008-ಆ. ಪ್ರತಿ ಬ್ಯಾಚಿನಿಂದ ಒಂದು ಪೊಟ್ಟಣವನ್ನು ಸೀಲ್ ಮಾಡಿ ಬೀರುವಿನಲ್ಲಿ ಎತ್ತಿಡಿ. ಮೊದಲಿಗೆ ಹೇಳಿದ ಎತ್ತಿಟ್ಟ ಪೊಟ್ಟಣ ಇದೇ. ಇನ್ನೊಂದು ಲಾಭವೂ ಇದೆ: ಯಾವಾಗಿನವರೆಗೆ ಬಳಸಬಹುದೆಂಬ ದಿನಾಂಕವನ್ನು ಊಹಿಸಿ ಬರೆಯಬೇಕಾಗಿಲ್ಲ. ಮಾರಾಟ ಆರಂಭಿಸುವ ಮುಂಚೆ ಒಂದೇ ಬ್ಯಾಚಿನ ಆರು ಪೊಟ್ಟಣ ಇಟ್ಟು ವಾರಕ್ಕೊಂದರಂತೆ ಒಡೆದು ರುಚಿ ನೋಡಿ. ಐದನೆಯ ವಾರಕ್ಕೆ ಕಮಟು ಶುರುವಾದರೆ ಲೇಬಲ್ಲಿನಲ್ಲಿ ಮೂರು ವಾರ ಬರೆಯಿರಿ.

ಇನ್ನು ಹೊರಗಿನ ರಟ್ಟಿನ ಬಾಕ್ಸ್. ಇಲ್ಲಿ ಹಣ ಸೋರುವುದು ಬಹಳ ಮಂದಿಗೆ ತಿಳಿಯುವುದಿಲ್ಲ. ಹಲವು ಕೊರಿಯರ್‌ಗಳು ನಿಜವಾದ ತೂಕದ ಜೊತೆಗೆ ಬಾಕ್ಸಿನ ಗಾತ್ರದಿಂದಲೂ ಒಂದು ತೂಕವನ್ನು ಲೆಕ್ಕ ಹಾಕಿ, ಯಾವುದು ಹೆಚ್ಚೋ ಅದಕ್ಕೆ ದುಡ್ಡು ಕೇಳುತ್ತವೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ಸಾಮಾನ್ಯ ಪದ್ಧತಿ. ಪುಣೆಯ ಆರ್ಡರಿಗೆ ನಮ್ಮ ಬಳಿ ಇದ್ದ ಬಾಕ್ಸ್ 30, 25, 20 ಸೆಂಟಿಮೀಟರಿನದು. ಗುಣಿಸಿದರೆ 15000, ಭಾಗಿಸಿದರೆ 3 ಕೆಜಿ. ಒಳಗಿನ ತಿಂಡಿ, ಬಾಕ್ಸ್ ಎಲ್ಲ ಸೇರಿ ನಿಜವಾದ ತೂಕ 1.8 ಕೆಜಿ ಮಾತ್ರ. ಅದೇ ತಿಂಡಿಯನ್ನು 28, 22, 14 ಸೆಂಟಿಮೀಟರಿನ ಬಾಕ್ಸಿಗೆ ಹೊಂದಿಸಿದಾಗ ಗಾತ್ರದ ತೂಕ ಒಂದೂಮುಕ್ಕಾಲು ಕೆಜಿಗಿಂತ ಕಡಿಮೆಯಾಯಿತು, ನಿಜವಾದ ತೂಕಕ್ಕೇ ದುಡ್ಡು ಕೊಟ್ಟೆವು. ಚಕ್ಕುಲಿ ಹಗುರ ಆದರೆ ಜಾಗ ತಿನ್ನುವ ತಿಂಡಿ. ರವೆ ಉಂಡೆಗೆ ಈ ತೊಂದರೆ ಅಷ್ಟಾಗಿ ಬರುವುದಿಲ್ಲ.

ಚಕ್ಕುಲಿಯನ್ನು ನಿಲ್ಲಿಸದೆ ಚಪ್ಪಟೆಯಾಗಿ ಒಂದರ ಮೇಲೊಂದು ಜೋಡಿಸಿ. ಪೊಟ್ಟಣದ ಸುತ್ತ ನಾಲ್ಕೂ ಬದಿಯಲ್ಲಿ ಒಂದೊಂದು ಬೆರಳಿನಷ್ಟು ಜಾಗ ಬಿಟ್ಟು ಮುದುರಿದ ಕಾಗದವನ್ನು ಒತ್ತಾಗಿ ತುರುಕಬೇಕು. ಸೀಲ್ ಮಾಡಿದ ಕವರಿನ ಹೊರಗಡೆ ಯಾವ ಕಾಗದವಾದರೂ ನಡೆಯುತ್ತದೆ, ಆದರೆ ತಿಂಡಿಗೆ ಮುದ್ರಿತ ದಿನಪತ್ರಿಕೆ ತಾಗಬಾರದು. ಅದರ ಶಾಯಿ ಎಣ್ಣೆಯ ಜೊತೆ ತಿಂಡಿಗೆ ಇಳಿಯುತ್ತದೆ, ಕಾನೂನೂ ಅದನ್ನು ಒಪ್ಪುವುದಿಲ್ಲ. ಬಾಕ್ಸ್ ಮುಚ್ಚಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಸದ್ದು ಬಂದರೆ ತೆರೆದು ಮತ್ತೆ ಕಾಗದ ಹಾಕಿ. ಹೊಸ ಅಳತೆಯ ಬಾಕ್ಸ್ ತಂದಾಗ ಒಮ್ಮೆ ತಿಂಡಿ ತುಂಬಿ ಸೊಂಟದ ಎತ್ತರದಿಂದ ಮೂರು ಸಲ, ಬೇರೆ ಬೇರೆ ಮೂಲೆ ನೆಲಕ್ಕೆ ತಾಗುವಂತೆ ಬೀಳಿಸಿ ತೆರೆದು ನೋಡಿ. ಬಾಕ್ಸಿನ ಮೇಲೆ ‘ನಾಜೂಕಾದದ್ದು’ ಎಂದು ಬರೆದರೆ ಸಾಕೆಂದು ನಂಬಿದವರು ಲಾರಿಯಿಂದ ಮೂಟೆ ಇಳಿಸುವುದನ್ನು ನೋಡಿರಲಾರರು.

ಮುಚ್ಚುವ ಮುಂಚೆ, ಲೇಬಲ್ ಮತ್ತು ಬ್ಯಾಚ್ ನಂಬರ್ ಕಾಣುವಂತೆ ಬಾಕ್ಸಿನ ಒಳಭಾಗದ ಒಂದು ಫೋಟೊ ತೆಗೆದಿಡಿ. ಕೊರಿಯರ್ ರಸೀದಿಯ ಫೋಟೊವನ್ನು ಅದೇ ದಿನ ಗಿರಾಕಿಗೆ ಕಳಿಸಿ, ‘ಎಲ್ಲಿಗೆ ಬಂತು?’ ಎಂಬ ಕರೆಗಳಲ್ಲಿ ಅರ್ಧ ಅಲ್ಲಿಗೇ ನಿಲ್ಲುತ್ತವೆ.

ದೂರು ಬಂದಾಗ

ಪುಣೆಯ ಪೊಟ್ಟಣ ಗುರುವಾರವೇ ತಲುಪಿತು. ಶುಕ್ರವಾರ ಬೆಳಿಗ್ಗೆ ಸಂದೇಶ ಬಂತು: ‘ಕೋಡುಬಳೆ ಚೆನ್ನಾಗಿದೆ. ಚಕ್ಕುಲಿ ಒಂದು ಪೊಟ್ಟಣ ಪೂರ್ತಿ ಮೆತ್ತಗಾಗಿದೆ. ಹಬ್ಬಕ್ಕೆ ಏನು ಇಡುವುದು?’

ಇಲ್ಲಿ ನಮಗೆ ಬರುವ ಮೊದಲ ಮಾತು ‘ನಾವು ಕಳಿಸುವಾಗ ಚೆನ್ನಾಗಿತ್ತು’ ಎಂಬುದು. ಅದು ನಿಜವಿದ್ದರೂ ಹೇಳಬಾರದು, ಏಕೆಂದರೆ ಗಿರಾಕಿ ಸುಳ್ಳು ಹೇಳುತ್ತಿದ್ದಾರೆಂದು ಹೇಳಿದಂತಾಗುತ್ತದೆ. ನಾವು ಬರೆದದ್ದು ಇಷ್ಟು: ‘ಹಬ್ಬದ ಹೊತ್ತಿನಲ್ಲಿ ಹೀಗಾದದ್ದಕ್ಕೆ ಕ್ಷಮಿಸಿ ಮೇಡಂ. ಆ ಪೊಟ್ಟಣದ ಲೇಬಲ್ ಮತ್ತು ಸೀಲ್ ಮಾಡಿದ ಬಾಯಿ ಕಾಣುವಂತೆ ಒಂದೊಂದು ಫೋಟೊ ಕಳಿಸುತ್ತೀರಾ? ಒಡೆದದ್ದು ಯಾವಾಗ ಎಂದೂ ತಿಳಿಸಿ. ಇವತ್ತು ಸಂಜೆಯೊಳಗೆ ಏನು ಮಾಡುತ್ತೇವೆಂದು ಹೇಳುತ್ತೇವೆ.’ ಸಂಜೆಯೊಳಗೆ ಎಂದ ಮೇಲೆ ಕಾರಣ ಸಿಗದಿದ್ದರೂ ಸಂಜೆಗೆ ಉತ್ತರ ಹೋಗಲೇಬೇಕು.

ಫೋಟೊದಲ್ಲಿ ಬ್ಯಾಚ್ ನಂಬರ್ 1008-ಆ ಎಂದಿತ್ತು. ಬೀರುವಿನಿಂದ ಅದೇ ಬ್ಯಾಚಿನ ಪೊಟ್ಟಣವನ್ನು ತೆಗೆದು ನಾಲ್ವರು ಸದಸ್ಯೆಯರ ಮುಂದೆ ಒಡೆದೆವು. ಮೆತ್ತಗಾಗಲು ಇರುವ ಕಾರಣಗಳು ಮುಖ್ಯವಾಗಿ ಮೂರು: ಪೂರ್ತಿ ಕರಿದಿಲ್ಲ, ಬಿಸಿಯಿರುವಾಗ ತುಂಬಿದ್ದೇವೆ, ಅಥವಾ ಸೀಲ್ ಬಿಟ್ಟಿದೆ. ಮೊದಲ ಎರಡು ನಡೆದಿದ್ದರೆ ನಮ್ಮ ಬೀರುವಿನ ಪೊಟ್ಟಣವೂ ಮೆತ್ತಗಾಗಿರುವುದೇ ಹೆಚ್ಚು, ಆಗ ಆ ಬ್ಯಾಚ್ ಹೋದ ಎಲ್ಲ ಗಿರಾಕಿಗಳಿಗೂ ಅವರು ಕೇಳುವ ಮುಂಚೆಯೇ ನಾವೇ ಫೋನ್ ಮಾಡಬೇಕಾಗುತ್ತಿತ್ತು. ನಮ್ಮದು ಟಣ್ ಎಂದು ಮುರಿಯಿತು. ಅವರ ಫೋಟೊವನ್ನು ದೊಡ್ಡದು ಮಾಡಿ ನೋಡಿದರೆ ಸೀಲಿನ ಗೆರೆಯ ಮಧ್ಯೆ ಒಂದು ಎಳ್ಳು ಸಿಕ್ಕಿಕೊಂಡಿತ್ತು. ಅದೇ ಬ್ಯಾಚಿನಲ್ಲಿ ಹೋಗಿದ್ದ ಇನ್ನು ಮೂವರಿಗೆ ವಿಚಾರಿಸಿದೆವು, ಅವರದು ಸರಿಯಾಗಿತ್ತು.

ಪರಿಹಾರವನ್ನು ಗಿರಾಕಿಯೇ ಆರಿಸಿಕೊಳ್ಳುವಂತೆ ಮಾಡಿ. ಹಬ್ಬದ ತಿಂಡಿಯನ್ನು ಹಬ್ಬ ಮುಗಿದ ಮೇಲೆ ಮತ್ತೆ ಕಳಿಸಿದರೆ ಅದು ಕೆಲವರಿಗೆ ಗಾಯದ ಮೇಲೆ ಉಪ್ಪು ಸವರಿದಂತೆ. ಅವರಿಗೆ ಆ ಪೊಟ್ಟಣದ ಹಣ ವಾಪಸ್ ಬೇಕೋ, ಹೊಸ ಪೊಟ್ಟಣ ಬೇಕೋ ಎಂದು ಕೇಳಿದೆವು. ಅವರು ಹಣ ಕೇಳಿದರು, ಅದೇ ಸಂಜೆ ಕಳಿಸಿದೆವು. ಈ ಹಣ ಎಲ್ಲಿಂದ ಬರಬೇಕೆಂಬುದು ಮೊದಲೇ ತೀರ್ಮಾನವಾಗಿರಬೇಕು. ನಾವು ಮಾರಿದ ಪ್ರತಿ ಕೆಜಿಗೆ 10 ರೂಪಾಯಿಯನ್ನು ಬೇರೆ ಎತ್ತಿಡುತ್ತಿದ್ದೆವು. ಸೀಲ್ ಮಾಡಿದವರ ಕೂಲಿಯಿಂದ ಕಳೆಯುವ ಪದ್ಧತಿ ಬೇಡ. ಅದನ್ನು ಮಾಡಿದ ದಿನದಿಂದ ತಪ್ಪನ್ನು ಮುಚ್ಚಿಡುವುದು ಶುರುವಾಗುತ್ತದೆ, ನಮಗೆ ಕಾರಣ ತಿಳಿಯುವುದೇ ಇಲ್ಲ.

ಮುರಿದು ಬಂದಿದೆ ಎಂಬ ದೂರಿನಲ್ಲಿ ಎಷ್ಟು ಮುರಿದಿದೆ ಎಂದು ಫೋಟೊ ನೋಡಿ. ಹತ್ತರಲ್ಲಿ ಒಂದೆರಡು ಮುರಿಯುವುದು ಸಹಜವೆಂದು ಆರ್ಡರ್ ಸಂದೇಶದಲ್ಲೇ ಒಂದು ಸಾಲು ಹಾಕಿದರೆ ಜಗಳ ಬರುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಪುಡಿಯಾಗಿದ್ದರೆ ಆ ಬಾಕ್ಸಿನ ಅಳತೆಯನ್ನೇ ಬದಲಿಸಬೇಕು. ಕೂದಲು, ಹುಳು, ಕಲ್ಲು ಸಿಕ್ಕಿದೆ ಎಂದರೆ ಮಾತ್ರ ಯಾವ ಪ್ರಶ್ನೆಯೂ ಇಲ್ಲದೆ ಪೂರ್ತಿ ಹಣ ಹಿಂದಿರುಗಿಸಿ, ಆ ಬ್ಯಾಚಿನಲ್ಲಿ ಉಳಿದದ್ದರ ಮಾರಾಟ ನಿಲ್ಲಿಸಿ, ಹಿಟ್ಟಿನ ಡಬ್ಬಿಯಿಂದ ತಲೆಗೆ ಕಟ್ಟಿದ ಬಟ್ಟೆಯವರೆಗೆ ನೋಡಿ.

ಹಣ ಹಿಂದಿರುಗಿಸುವ ಹೆಸರಿನಲ್ಲಿ ಮೋಸವೂ ಬರುತ್ತದೆ. ‘ತಪ್ಪಿ 500ರ ಬದಲು 5000 ಕಳಿಸಿದೆ, ಉಳಿದದ್ದು ವಾಪಸ್ ಹಾಕಿ’ ಎನ್ನುವವರು ಕಳಿಸುವುದು ಸುಳ್ಳು ಸಂದೇಶವನ್ನು. ಖಾತೆ ನೋಡಿದರೆ ಒಂದು ಪೈಸೆಯೂ ಬಂದಿರುವುದಿಲ್ಲ. ನಮಗೆ ಹಣ ಬರಬೇಕಾದರೆ ನಾವು ಯುಪಿಐ ಪಿನ್ ಒತ್ತಬೇಕಾಗಿಲ್ಲ, ಬೇರೆಯವರು ಕಳಿಸಿದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕಾಗಿಲ್ಲ. ಪಿನ್ ಒತ್ತಿದರೆ ಹಣ ನಮ್ಮ ಖಾತೆಯಿಂದ ಹೋಗುತ್ತದೆ.

ದೂರು ಮುಗಿದ ಮೇಲೆ ವಹಿಯಲ್ಲಿ ಆ ಆರ್ಡರಿನ ಸಾಲಿನ ಕೊನೆಯ ಕಾಲಂನಲ್ಲಿ ಕಾರಣ, ಕೊಟ್ಟ ಪರಿಹಾರ, ದಿನಾಂಕ ಬರೆಯಿರಿ. ನಮ್ಮ ವಹಿಯಲ್ಲಿ ಪುಣೆಯ ಸಾಲಿನಲ್ಲಿ ‘ಸೀಲಿನಲ್ಲಿ ಎಳ್ಳು, ಒಂದು ಪೊಟ್ಟಣದ ಹಣ ವಾಪಸ್’ ಎಂದಿದೆ. ಅದಾದ ಮರುದಿನದಿಂದ ಸೀಲಿಂಗ್ ಮಿಷನ್ನಿನ ಪಕ್ಕಕ್ಕೆ ಒಣ ಬಟ್ಟೆಯೊಂದನ್ನು ದಾರದಿಂದ ಕಟ್ಟಿ ತೂಗುಹಾಕಿದೆವು, ಅದು ಈಗಲೂ ಅಲ್ಲೇ ಇದೆ. ಬೀರುವಿನಲ್ಲಿ ಎತ್ತಿಟ್ಟ ಪೊಟ್ಟಣವನ್ನು ಲೇಬಲ್ಲಿನ ಕೊನೆಯ ದಿನಾಂಕ ಕಳೆದು ಒಂದು ವಾರವಾದ ಮೇಲೆ ಒಡೆದು, ರುಚಿ ಹೇಗಿದೆಯೆಂದು ಅದೇ ವಹಿಯಲ್ಲಿ ಬರೆದು, ಆಮೇಲೆ ಬಿಸಾಡಿ.